ಅಪ್ರದಕ್ಷಿಣೆ

ನಾನು ಮೋಟಾರು ನಡೆಸಲು ಕಲಿತುದು ನಲವತ್ತೊಂದನೆಯ ವಯಸ್ಸಿನಲ್ಲಿ. ಆಗ ನಾವು ಹೊನ್ನಾಳಿಯಲ್ಲಿದ್ದೆವು. ನನಗೆ ನ್ಯಾಮತಿಯ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯ ಕೆಲಸ. ಬಸ್ಸನ್ನು ಕಾದು ಕಾದು ಬೇಸತ್ತು, ಹಳೆಯದೊಂದು ಮಾರುತಿ ಗಾಡಿಯನ್ನು ಕೊಂಡು, ಮನೆಯವರ ಎದೆಬಡಿತವನ್ನು ಲೆಕ್ಕಿಸದೆ ದಿನವೂ ಹೋಗಿಬರತೊಡಗಿದೆನು. ಮುಂದೆ ಚನ್ನಗಿರಿಯಲ್ಲಿ ಮನೆ ಕಟ್ಟಿದ ಮೇಲೆಯೂ ಆ ಅಭ್ಯಾಸ ತಪ್ಪಲಿಲ್ಲ. ಹದಿನೇಳು ವರ್ಷಗಳಲ್ಲಿ ಒಂದು ನಾಯಿಯನ್ನಾಗಲಿ ಒಂದು ಕೋಳಿಯನ್ನಾಗಲಿ ನೋಯಿಸಿದವಳಲ್ಲವೆಂಬ ಹೆಮ್ಮೆ ನನಗಿದ್ದಿತು. ಆ ಹೆಮ್ಮೆಯೇ ನನ್ನನ್ನು ಮೋಸಗೊಳಿಸಿತೆಂದು ಹೇಳಿದರೆ ತಪ್ಪಾಗಲಾರದು. ಏಕೆಂದರೆ ಹದಿನೇಳು ವರ್ಷಗಳಲ್ಲಿ ನನ್ನ ಬುದ್ಧಿಯು ಗಾಡಿ ನಡೆಸುವುದನ್ನು ಬಿಟ್ಟುಬಿಟ್ಟು, ಆ ಕೆಲಸವನ್ನೆಲ್ಲ ಕೈಕಾಲುಗಳಿಗೂ ಕುತ್ತಿಗೆಗೂ ಒಪ್ಪಿಸಿದ್ದಿತು. ಅದು ನನಗೆ ತಿಳಿದಿರಲಿಲ್ಲ.

2023ರ ಏಪ್ರಿಲ್ ತಿಂಗಳಿನಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದೆನು. ಇಂಡಿಯಾನ ಸಂಸ್ಥಾನದಲ್ಲಿ, ಇಂಡಿಯಾನಾಪೊಲಿಸ್ ನಗರದ ಉತ್ತರಕ್ಕೆ ಕಾರ್ಮೆಲ್ ಎಂಬ ಊರು. ಅಲ್ಲಿಯೇ ಅಳಿಯಂದಿರ ಮನೆ. ಮಗಳಿಗೆ ಹೊಟ್ಟೆ ಕೊಯ್ದು ಹೆರಿಗೆಯಾಗಿದ್ದುದರಿಂದ ಕೆಲವು ವಾರಗಳು ಆಕೆ ಗಾಡಿ ನಡೆಸಬಾರದೆಂದು ವೈದ್ಯರು ಹೇಳಿದ್ದರು. ಅಳಿಯಂದಿರಿಗೆ ವಾರದಲ್ಲಿ ಮೂರು ದಿನ ಪರವೂರಿನ ಕೆಲಸ. ಹಿರಿಯ ಮೊಮ್ಮಗನಿಗೆ ನಾಲ್ಕು ವರ್ಷ. ಅವನನ್ನು ಶಿಶುವಿಹಾರಕ್ಕೆ ಬಿಟ್ಟು ಕರೆತರುವವರು ಯಾರು? ಆ ಊರಿನಲ್ಲಿ ಆಟೋ ಎಂಬುದಿಲ್ಲ, ನಡೆದು ಹೋಗುವಷ್ಟು ದೂರವೂ ಅಲ್ಲ. ನಾನು ಹೊರಡುವ ಮುನ್ನವೇ ಇದನ್ನೆಲ್ಲ ಊಹಿಸಿ, ಊರಿನ ಪರವಾನಗಿಯ ಆಧಾರದ ಮೇಲೆ ದಾವಣಗೆರೆಯ ಸಾರಿಗೆ ಕಚೇರಿಯಿಂದ ಒಂದು ವರ್ಷದ ಅಂತರರಾಷ್ಟ್ರೀಯ ಪರವಾನಗಿಯನ್ನು ಪಡೆದಿದ್ದೆನು. ಅಳಿಯಂದಿರು ತಮ್ಮ ವಿಮೆಯಲ್ಲಿ ನನ್ನ ಹೆಸರನ್ನೂ ಸೇರಿಸಿದರು. ಹೀಗೆ ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಕೈಕಾಲುಗಳು ಮಾತ್ರ ಚನ್ನಗಿರಿಯವೇ ಆಗಿದ್ದವು.

ನಮ್ಮಲ್ಲಿ ರಸ್ತೆಯ ಎಡಮಗ್ಗುಲಲ್ಲಿ ನಡೆಯುವೆವು, ಅವರು ಬಲಮಗ್ಗುಲಲ್ಲಿ ನಡೆಯುವರು. ಇಷ್ಟೇ ವ್ಯತ್ಯಾಸವೆಂದು ನಾನು ತಿಳಿದಿದ್ದೆನು. ಕನ್ನಡಿಯಲ್ಲಿ ಕಂಡಂತೆ ಎಲ್ಲವನ್ನೂ ತಿರುಗಿಸಿಕೊಂಡರಾಯಿತಲ್ಲ! ಆದರೆ ಕನ್ನಡಿ ಎಲ್ಲವನ್ನೂ ತಿರುಗಿಸುವುದಿಲ್ಲ. ಕಾಲಿನ ಕೆಳಗಿನ ಬ್ರೇಕೂ ವೇಗದ ಪೆಡಲೂ ಅಲ್ಲಿ ಇಲ್ಲಿ ಒಂದೇ ಕ್ರಮದಲ್ಲಿರುವುವು. ವೇಗದ ಪೆಡಲು ಎಲ್ಲಿಯೂ ಬಲಗಾಲಿಗೇ. ಸ್ಟಿಯರಿಂಗು ಮಾತ್ರ ಎಡಗಡೆಗೆ ಹೋಗಿರುವುದು. ಸ್ಟಿಯರಿಂಗಿನ ಎರಡು ಪಕ್ಕಗಳಲ್ಲಿರುವ ಕಡ್ಡಿಗಳೂ ಅದಲುಬದಲು: ನನ್ನ ಮಾರುತಿಯಲ್ಲಿ ತಿರುವಿನ ದೀಪ ಹಾಕುವ ಕಡ್ಡಿ ಬಲಗೈಗೆ, ಗಾಜು ಒರೆಸುವ ಕಡ್ಡಿ ಎಡಗೈಗೆ, ಅಲ್ಲಿ ತಿರುವಿನ ದೀಪ ಎಡಗೈಗೆ. ಆದ್ದರಿಂದ ಮೊದಲ ದಿನ ಪ್ರತಿಯೊಂದು ತಿರುವಿನಲ್ಲಿಯೂ, ಸುಡುವ ಬಿಸಿಲಿನಲ್ಲಿ, ಒರೆಸುವ ಕಡ್ಡಿಗಳು ಗಾಜಿನ ಮೇಲೆ ಕರಕರನೆ ಓಡಾಡಿದವು. ಮೊಮ್ಮಗನಿಗೆ ಇದು ಬಹಳ ಇಷ್ಟವಾಯಿತು. “ಅಜ್ಜೀ, ಇನ್ನೊಮ್ಮೆ!” ಎನ್ನುವನು. ಇದರಿಂದ ಯಾರಿಗೂ ಹಾನಿಯಿಲ್ಲವಾದರೂ, ನಾನು ಆಮೇಲೆ ಇದನ್ನೊಂದು ಸೂಚನೆಯಾಗಿ ಹಿಡಿದೆನು. ಒಣ ಗಾಜಿನ ಮೇಲೆ ಆ ಕಡ್ಡಿ ಎದ್ದಿತೆಂದರೆ ನನ್ನ ಕೈ ಆ ಕ್ಷಣದಲ್ಲಿ ಚನ್ನಗಿರಿಯಲ್ಲಿದೆಯೆಂದೇ ಅರ್ಥ. ಕೈ ಅಲ್ಲಿದ್ದರೆ ಕಣ್ಣೂ ಅಲ್ಲಿಯೇ ಇರುವ ಸಂಭವವುಂಟು.

ಅಳಿಯಂದಿರು ಒಂದು ಭಾನುವಾರ ನನ್ನನ್ನು ದೊಡ್ಡ ಅಂಗಡಿಯೊಂದರ ಖಾಲಿ ಬಯಲಿಗೆ ಕರೆದೊಯ್ದರು. ಅಲ್ಲಿ ಗಾಡಿಗಳನ್ನು ನಿಲ್ಲಿಸಲು ನೆಲದ ಮೇಲೆ ಬಿಳಿಯ ಗೆರೆಗಳನ್ನು ಎಳೆದಿದ್ದಿತು. “ಅತ್ತೆ, ಎರಡು ಗೆರೆಗಳ ನಡುವೆ ಸರಿಯಾಗಿ ಬಂದು ನಿಂತೆ ಎಂದು ನಿಮಗೆ ತೋರಿದಾಗ ನಿಲ್ಲಿಸಿ, ಇಳಿದು ನೋಡಿ,” ಎಂದರು. ನಿಲ್ಲಿಸಿ ಇಳಿದು ನೋಡಿದೆನು. ಬಲಗಡೆಯ ಚಕ್ರಗಳೆರಡೂ ಗೆರೆಯನ್ನು ತುಳಿದು ನಿಂತಿದ್ದವು. ಎಡಗಡೆ ಮಾತ್ರ ಒಂದು ಮಂಚ ಹಾಕುವಷ್ಟು ಜಾಗ. ಇನ್ನೊಮ್ಮೆ ಮಾಡಿದರೂ ಹಾಗೆಯೇ. ಕಾರಣವನ್ನು ಅವರೇ ವಿವರಿಸಿದರು. ಊರಿನ ಗಾಡಿಯಲ್ಲಿ ನಾನು ಬಲಗಡೆ ಕುಳಿತಿರುತ್ತೇನೆ. ಗಾಡಿಯ ಮೈಯೆಲ್ಲ ನನ್ನ ಎಡಕ್ಕಿರುವುದು. ಅದಕ್ಕಾಗಿ ಎಡಗಡೆ ಸ್ಥಳ ಬಿಟ್ಟು ಹೋಗುವುದನ್ನು ದೇಹ ಕಲಿತಿದೆ. ಈಗ ಗಾಡಿಯ ಮೈ ನನ್ನ ಬಲಕ್ಕೆ ಬಂದಿದ್ದರೂ, ದೇಹವು ಎಡಕ್ಕೇ ಸ್ಥಳ ಬಿಡುತ್ತದೆ. ಆದಕಾರಣ ಗಾಡಿ ಬಲಕ್ಕೆ ಬಲಕ್ಕೆ ಸರಿಯುತ್ತದೆ. ರಸ್ತೆಯಲ್ಲಿ ಇದು ಹೇಗೆ ಗೊತ್ತಾಗುವುದೆಂದರೆ, ಬಲಗಡೆ ಕುಳಿತವರು ಮಾತನಾಡುತ್ತಲೇ ಒಳಕ್ಕೆ ಮುದುಡಿಕೊಳ್ಳುವರು. ಮನೆಗಳ ಮುಂದೆ ನೆಟ್ಟಿರುವ ಅಂಚೆಯ ಪೆಟ್ಟಿಗೆಗಳು ಪಕ್ಕದ ಕನ್ನಡಿಗೆ ತೀರ ಸಮೀಪದಲ್ಲಿ ಹಾಯುವುವು. ಮಗಳು ಮೊದಲ ಸಲ ನನ್ನ ಜೊತೆ ಬಂದಾಗ ಹೊಲಿಗೆಯ ನೋವಿನಲ್ಲಿಯೂ ಮೂರು ಸಲ ಮುದುಡಿದಳು, ಬಾಯಿ ಬಿಟ್ಟು ಏನೂ ಹೇಳಲಿಲ್ಲ.

ಅಳಿಯಂದಿರು ಹೇಳಿದ ಒಂದು ಮಾತು ನನಗೆ ಬಹಳ ಉಪಯೋಗಕ್ಕೆ ಬಂದಿತು. ಎಡದ ದೇಶವಾಗಲಿ ಬಲದ ದೇಶವಾಗಲಿ, ಗಾಡಿ ನಡೆಸುವವನು ಕುಳಿತುಕೊಳ್ಳುವುದು ರಸ್ತೆಯ ನಡುವಿನ ಕಡೆಗೆ. ಎದುರಿನಿಂದ ಬರುವವನೂ ನಾವೂ ನಡುಗೆರೆಯ ಆಚೆ ಈಚೆ ಒಬ್ಬರಿಗೊಬ್ಬರು ಹತ್ತಿರವಾಗಿಯೇ ಹಾಯುವೆವು. ‘ಎಡ’ ‘ಬಲ’ ಎಂಬ ಮಾತುಗಳನ್ನು ಮರೆತು, ‘ನಡುಗೆರೆ ನನ್ನ ಮಗ್ಗುಲಿಗೆ’ ಎಂದುಕೊಂಡರೆ ಎರಡು ದೇಶಗಳಿಗೂ ಅದು ಒಂದೇ ಸೂತ್ರ. ಅಮೆರಿಕದಲ್ಲಿ ಇದಕ್ಕೆ ಇನ್ನೊಂದು ಅನುಕೂಲವುಂಟು. ಎದುರುಬದುರಾಗಿ ಬರುವ ಗಾಡಿಗಳನ್ನು ಬೇರ್ಪಡಿಸುವ ಗೆರೆಯನ್ನು ಅವರು ಹಳದಿಯ ಬಣ್ಣದಲ್ಲಿಯೇ ಎಳೆಯುವರು. ಒಂದೇ ದಿಕ್ಕಿಗೆ ಹೋಗುವ ಗಾಡಿಗಳ ಸಾಲುಗಳನ್ನು, ಅಂದರೆ ಲೇನುಗಳನ್ನು, ಬೇರ್ಪಡಿಸುವ ಗೆರೆ ಬಿಳಿದು. ಆದುದರಿಂದ ಹಳದಿಯ ಗೆರೆ ಯಾವಾಗಲೂ ನಮ್ಮ ಎಡಕ್ಕಿರಬೇಕು. ಅದು ಬಲಕ್ಕೆ ಕಂಡರೆ ನಾವು ಇರಬಾರದ ಸ್ಥಳದಲ್ಲಿದ್ದೇವೆ. ಮಗಳು ತನ್ನ ಹಣೆಯ ಸ್ಟಿಕ್ಕರ್ ಬೊಟ್ಟೊಂದನ್ನು ತೆಗೆದು ಮುಂದಿನ ಗಾಜಿನ ಎಡಮೂಲೆಯಲ್ಲಿ ಅಂಟಿಸಿ, “ಅಮ್ಮ, ಗೆರೆ ಈ ಬೊಟ್ಟಿನ ಕಡೆಗೆ,” ಎಂದಳು.

ಕಾರ್ಮೆಲ್ಲಿನ ವಿಶೇಷವೆಂದರೆ ಅದರ ಸರ್ಕಲ್ಲುಗಳು. ಅಮೆರಿಕದ ಇತರ ಊರುಗಳಲ್ಲಿ ನಾಲ್ಕು ರಸ್ತೆ ಕೂಡುವಲ್ಲಿ ಕೆಂಪು ಹಸಿರು ದೀಪಗಳಿರುವುವು. ಈ ಊರಿಗೆ 1996ರಿಂದ 2023ರ ವರೆಗೆ ಮೇಯರಾಗಿದ್ದ ಜೇಮ್ಸ್ ಬ್ರೇನಾರ್ಡ್ ಎಂಬವರು ವಿದ್ಯಾರ್ಥಿದೆಸೆಯಲ್ಲಿ ಇಂಗ್ಲೆಂಡಿನಲ್ಲಿ ಸರ್ಕಲ್ಲುಗಳನ್ನು ನೋಡಿ ಮೆಚ್ಚಿ, ತಮ್ಮ ಊರಿನಲ್ಲಿ ದೀಪಗಳನ್ನು ಕೀಳಿಸುತ್ತ ಸರ್ಕಲ್ಲುಗಳನ್ನು ಕಟ್ಟಿಸುತ್ತ ಹೋದರು. ಈಗ ಅಲ್ಲಿ ನೂರೈವತ್ತಕ್ಕೂ ಹೆಚ್ಚು ಸರ್ಕಲ್ಲುಗಳಿವೆ. ಇಂಗ್ಲೆಂಡಿನಲ್ಲಿ ಎಡಮಗ್ಗುಲ ಸಂಚಾರ, ಆದುದರಿಂದ ಅಲ್ಲಿಯವು ನಮ್ಮವುಗಳಂತೆಯೇ ಸುತ್ತುವುವು. ಅಮೆರಿಕಕ್ಕೆ ಬಂದಾಗ ತಿರುಗುಮುರುಗಾದವು. ಶಿಶುವಿಹಾರಕ್ಕೆ ಹೋಗುವ ದಾರಿಯಲ್ಲಿ ನನಗೆ ಇಂತಹವು ಐದು ಸಿಕ್ಕುತ್ತಿದ್ದವು.

ನಮ್ಮ ಸರ್ಕಲ್ಲನ್ನು ನಾವು ಹೇಗೆ ಸುತ್ತುವೆವು? ದೇವರನ್ನು ಸುತ್ತುವ ಹಾಗೆ. ಸರ್ಕಲ್ಲಿನ ನಡುವಿನ ದಿಬ್ಬ ನಮ್ಮ ಬಲಗೈಗೆ. ಅದು ಪ್ರದಕ್ಷಿಣೆ. ಕಾರ್ಮೆಲ್ಲಿನಲ್ಲಿ ದಿಬ್ಬ ಎಡಗೈಗೆ, ಅದು ಅಪ್ರದಕ್ಷಿಣೆ. ಗುಡಿಯಲ್ಲಿ ಯಾರಾದರೂ ಹಾಗೆ ಸುತ್ತಿದರೆ ನಮ್ಮ ತಾಯಿ ಸೆರಗು ಹಿಡಿದು ಎಳೆದು ತಿರುಗಿಸುತ್ತಿದ್ದರು. ನಾನು ಆ ಮಾತನ್ನೇ ಗಂಟು ಹಾಕಿಕೊಂಡು, ಪ್ರತಿಯೊಂದು ಸರ್ಕಲ್ಲಿನ ಬಳಿಯಲ್ಲಿಯೂ ‘ಅಪ್ರದಕ್ಷಿಣೆ’ ಎಂದು ಬಾಯಿಬಿಟ್ಟು ಹೇಳುತ್ತಿದ್ದೆನು. ಇನ್ನೊಂದು ವಿನೋದವೂ ಉಂಟು. ದಾವಣಗೆರೆಯಲ್ಲಿ ಕೆಲವು ಆಟೋದವರು ಬಲಕ್ಕೆ ಹೋಗಬೇಕಾದಾಗ ಸರ್ಕಲ್ಲನ್ನು ಸುತ್ತುವ ಶ್ರಮವನ್ನು ಉಳಿಸಿಕೊಳ್ಳಲು ದಿಬ್ಬವನ್ನು ಎಡಕ್ಕೆ ಬಿಟ್ಟು ನೇರವಾಗಿ ಬಲಕ್ಕೆ ನುಗ್ಗುವರಲ್ಲವೆ? ನಾನು ಅವರನ್ನು ಎಷ್ಟು ಸಲ ಬೈದಿಲ್ಲ! ಕಾರ್ಮೆಲ್ಲಿನಲ್ಲಿ ಬಲಕ್ಕೆ ತಿರುಗುವ ಶಾಸ್ತ್ರೋಕ್ತವಾದ ಕ್ರಮ ಅದೇ.

ಸುತ್ತುವ ದಿಕ್ಕು ಬೇಗ ಅಭ್ಯಾಸವಾಗುವುದು. ಏಕೆಂದರೆ ಒಳಗೆ ಬರುವ ರಸ್ತೆಯನ್ನೇ ಅವರು ಬಲಕ್ಕೆ ಬಾಗಿಸಿರುವರು, ಗಾಡಿ ತಾನಾಗಿ ಆ ಕಡೆಗೆ ಹೋಗುವುದು. ಅಭ್ಯಾಸವಾಗದೆ ಉಳಿಯುವುದು ಕುತ್ತಿಗೆ. ಸರ್ಕಲ್ಲಿನೊಳಗೆ ಇರುವವನಿಗೆ ಮೊದಲು ದಾರಿ, ಹೊರಗಿನಿಂದ ಬರುವವನು ಕಾಯಬೇಕು. ಈ ನಿಯಮ ಎರಡು ಕಡೆಯಲ್ಲಿಯೂ ಒಂದೇ. ಆದರೆ ಒಳಗಿನವನು ನಮ್ಮಲ್ಲಿ ಬಲದಿಂದ ಬರುವನು, ಅಲ್ಲಿ ಎಡದಿಂದ. ನಾನು ಅಂಚಿನಲ್ಲಿ ನಿಂತು ಬಲಕ್ಕೆ ನೋಡುತ್ತಿದ್ದೆನು. ಬಲದಲ್ಲಿ ಕಾಣುವ ಗಾಡಿಗಳು ನನ್ನನ್ನು ಆಗಲೇ ದಾಟಿ ಹೋದವು. ಅವುಗಳಿಂದ ನನಗೆ ಏನೂ ಆಗಬೇಕಾದುದಿಲ್ಲ. ಅವು ದೂರ ಹೋಗುವುದನ್ನು ಕಂಡು, ಇನ್ನು ಖಾಲಿಯಾಯಿತೆಂದು ಕಾಲೆತ್ತುವಷ್ಟರಲ್ಲಿ ಎಡದಿಂದ ಒಂದು ಗಾಡಿ ಮೂತಿಯ ಮುಂದೆಯೇ ಹಾಯ್ದುಹೋಗುವುದು. ಹೀಗೆ ಎರಡು ಸಲವಾಯಿತು. ಆಮೇಲೆ ನಾನು ಕಣ್ಣಿನಿಂದಲ್ಲ, ಗದ್ದದಿಂದ ನೋಡತೊಡಗಿದೆನು. ಎಂದರೆ ಗದ್ದವು ಎಡಭುಜಕ್ಕೆ ತಾಗುವಷ್ಟು ಮುಖವನ್ನು ತಿರುಗಿಸದೆ ಹೊರಡಕೂಡದೆಂದು ನಿಯಮ ಮಾಡಿಕೊಂಡೆನು.

ಎರಡು ಲೇನುಗಳ ದೊಡ್ಡ ಸರ್ಕಲ್ಲಿನಲ್ಲಿ ಮತ್ತೊಂದು ತಪ್ಪು ಮಾಡಿದೆನು. ಇದು ದಿಕ್ಕಿನ ತಪ್ಪಲ್ಲ, ವಿನಯದ ತಪ್ಪು. ನಮ್ಮಲ್ಲಿ ನಿಧಾನವಾಗಿ ಹೋಗುವವರು ಎಡಕ್ಕೆ ಸರಿದುಕೊಳ್ಳುವುದು ಮರ್ಯಾದೆ. ಹೊಸಬಳಾದ ನಾನೂ ಮರ್ಯಾದೆಯಿಂದ ಎಡದ ಲೇನನ್ನು ಹಿಡಿದೆನು. ಆದರೆ ಅಲ್ಲಿ ನಿಧಾನದವರ ಸ್ಥಳ ಬಲ. ಎಡದ ಲೇನು ಸರ್ಕಲ್ಲಿನ ಒಳಸುತ್ತು, ಅದು ಎಡಕ್ಕೆ ಹೋಗುವವರಿಗೂ ಪೂರ್ತಿ ಸುತ್ತಿ ಹಿಂದಿರುಗುವವರಿಗೂ. ನಾನು ಹೋಗಬೇಕಾಗಿದ್ದುದು ಬಲಕ್ಕೆ, ಮೊದಲನೆಯ ದಾರಿಯಲ್ಲಿಯೇ. ಒಳಸುತ್ತಿನಿಂದ ಬಲಕ್ಕೆ ತಿರುಗಿಸಿದಾಗ ಹೊರಸುತ್ತಿನಲ್ಲಿ ನೇರವಾಗಿ ಹೋಗುತ್ತಿದ್ದ ಹೆಂಗಸೊಬ್ಬಳ ಗಾಡಿಗೆ ಅಡ್ಡಬಿದ್ದೆನು. ಆಕೆ ಉದ್ದವಾಗಿ ಹಾರನ್ನು ಒತ್ತಿದಳು. ಆ ದೇಶದಲ್ಲಿ ಹಾರನ್ನಿನ ಸದ್ದು ಬೈಗುಳಕ್ಕೆ ಸಮಾನ. ಸರ್ಕಲ್ಲಿಗೆ ಬರುವ ಮುನ್ನವೇ ನೆಲದ ಮೇಲೆ ಬಾಣದ ಗುರುತುಗಳನ್ನು ಬರೆದಿರುವರು. ಯಾವ ಲೇನು ಎಲ್ಲಿಗೆಂದು ಅಲ್ಲಿಯೇ ನಿಶ್ಚಯಿಸಿಕೊಳ್ಳಬೇಕು, ಒಳಗೆ ಹೋದ ಮೇಲೆ ಲೇನು ಬದಲಾಯಿಸಬಾರದು. ದಾರಿ ತಪ್ಪಿದರೆ ಹೋದ ದಾರಿಯಲ್ಲಿಯೇ ಹೋಗಿ ಮುಂದಿನ ಸರ್ಕಲ್ಲಿನಲ್ಲಿ ಹಿಂದಿರುಗಿದರಾಯಿತು. ನಾನು ಒಂದು ದಿನ ಒಂದೇ ಸರ್ಕಲ್ಲನ್ನು ಮೂರು ಸಲ ಸುತ್ತಿದ್ದುಂಟು. ಹರಕೆ ತೀರಿಸಿದಂತಾಯಿತೆಂದು ಮಗಳು ನಕ್ಕಳು.

ಇವೆಲ್ಲ ಮೊದಲ ಎರಡು ವಾರಗಳ ಮಾತು. ಮೂರನೆಯ ವಾರಕ್ಕೆ ನಾನು ಸಾಕಷ್ಟು ನುರಿತೆನೆಂದು ಮನೆಯವರೆಲ್ಲರೂ ಒಪ್ಪಿದರು. ಒರೆಸುವ ಕಡ್ಡಿ ಏಳುವುದು ನಿಂತಿತು. ಮಗನನ್ನು ಕೂಡಿಸಿಕೊಂಡು ಹೋಗುವಾಗ ಮಗಳು ಬಾಗಿಲಲ್ಲಿ ನಿಂತು ನೋಡುವುದನ್ನೂ ಬಿಟ್ಟಳು.

ಒಂದು ಶನಿವಾರ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗಲೇ, ಹಾಲು ತರಲೆಂದು ಹೊರಟೆನು. ಮೊಮ್ಮಗ ಎಚ್ಚೆತ್ತು ತಾನೂ ಬರುವೆನೆಂದು ಹಟಮಾಡಿದುದರಿಂದ ಅವನನ್ನು ಹಿಂದಿನ ಮಕ್ಕಳ ಪೀಠದಲ್ಲಿ ಕೂಡಿಸಿ ಕಟ್ಟಿದೆನು. ಹಾಲು ಕೊಂಡು ಬರುವಾಗ ಪೆಟ್ರೋಲ್ ಬಂಕಿಗೆ ಹೋದೆನು. ಅಲ್ಲಿ ನಾವೇ ಇಳಿದು ಪೆಟ್ರೋಲು ಹಾಕಿಕೊಳ್ಳಬೇಕು. ಹಾಕಿಕೊಂಡು, ಬಾಗಿಲು ತೆರೆದು ಒಳಗೆ ಕುಳಿತರೆ ಮುಂದೆ ಸ್ಟಿಯರಿಂಗೇ ಇಲ್ಲ! ಬಲಗಡೆಯ ಬಾಗಿಲಿನಿಂದ ಹತ್ತಿದ್ದೆನು. ಮೊಮ್ಮಗ ನಕ್ಕನು, ನಾನೂ ನಕ್ಕೆನು. ಸುತ್ತಿಬಂದು ಎಡಗಡೆ ಕುಳಿತೆನು. ಈಗ ಯೋಚಿಸಿದರೆ, ಆ ಕ್ಷಣದಲ್ಲಿ ನಕ್ಕುಬಿಡದೆ ಒಂದು ನಿಮಿಷ ಸುಮ್ಮನೆ ಕುಳಿತಿರಬೇಕಾಗಿದ್ದಿತು. ನನ್ನ ದೇಹ ಊರಿಗೆ ಹಿಂದಿರುಗಿದೆಯೆಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿರಲಿಲ್ಲ.

ಮನೆಗೆ ಹೋಗಲು ಬಂಕಿನಿಂದ ಎಡಕ್ಕೆ ತಿರುಗಬೇಕು. ಈ ಎಡ ತಿರುವಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುವೆನು. ಚನ್ನಗಿರಿಯಲ್ಲಿ ಬಂಕಿನಿಂದ ಎಡಕ್ಕೆ ತಿರುಗುವುದು ಸುಲಭವಾದ ತಿರುವು, ಚಿಕ್ಕ ತಿರುವು. ಬಲಕ್ಕೆ ಒಮ್ಮೆ ನೋಡಿ, ಯಾರೂ ಬರುತ್ತಿಲ್ಲವಾದರೆ ರಸ್ತೆಯ ಅಂಚನ್ನು ಹಿಡಿದು ಹೊರಳಿದರಾಯಿತು. ರಸ್ತೆಯ ಆಚೆಯ ಅರ್ಧದ ಗೊಡವೆಯೇ ಬೇಡ. ಅಮೆರಿಕದಲ್ಲಿ ಎಡ ತಿರುವು ದೊಡ್ಡ ತಿರುವು. ಹತ್ತಿರದ ಅರ್ಧದಲ್ಲಿ ಎಡದಿಂದ ಬರುವವರನ್ನು ಮೊದಲು ನೋಡಬೇಕು, ಆಚೆಯ ಅರ್ಧದಲ್ಲಿ ಬಲದಿಂದ ಬರುವವರನ್ನೂ ನೋಡಬೇಕು, ಹತ್ತಿರದ ಅರ್ಧವನ್ನು ಅಡ್ಡಲಾಗಿ ದಾಟಿ, ಹಳದಿಯ ಗೆರೆಯ ಆಚೆಗೆ ಹೋಗಿ, ಅಲ್ಲಿಂದ ಎಡಕ್ಕೆ ಹೊರಳಬೇಕು. ಹಗಲಿನಲ್ಲಿ ನಾನು ಇದನ್ನು ಹತ್ತಾರು ಸಲ ಸರಿಯಾಗಿ ಮಾಡಿದ್ದೆನು. ಆದರೆ ಹಗಲಿನಲ್ಲಿ ರಸ್ತೆಯ ತುಂಬ ಗಾಡಿಗಳು. ಕುರಿಮಂದೆಯಲ್ಲಿ ದಾರಿ ತಪ್ಪುವ ಭಯವಿಲ್ಲದಂತೆ, ಅವೇ ನನಗೆ ದಾರಿ ತೋರಿಸುತ್ತಿದ್ದವು. ಅಂದು ರಸ್ತೆ ಬರಿದಾಗಿದ್ದಿತು.

ನಾನು ಬಲಕ್ಕೆ ನೋಡಿದೆನು. ಯಾರೂ ಇರಲಿಲ್ಲ. ಅಂಚನ್ನು ಹಿಡಿದು ಚಿಕ್ಕದಾಗಿ ಎಡಕ್ಕೆ ಹೊರಳಿದೆನು. ನೋಡಿದ ದಿಕ್ಕೂ, ತಿರುಗಿದ ಬಗೆಯೂ, ಸೇರಿಕೊಂಡ ಮಗ್ಗುಲೂ ಒಂದಕ್ಕೊಂದು ಎಷ್ಟು ಹೊಂದಿಕೊಂಡಿದ್ದವೆಂದರೆ, ತಪ್ಪು ಮಾಡಿದೆನೆಂಬ ಶಂಕೆಗೇ ಅವಕಾಶವಿರಲಿಲ್ಲ. ಬಿಡಿಬಿಡಿಯಾಗಿ ಮಾಡಿದ ತಪ್ಪು ಎಲ್ಲಿಯೋ ಒಂದು ಕಡೆ ಚುಚ್ಚುವುದು. ಪೂರ್ತಿಯಾಗಿ ಹೊಲಿದು ತಂದ ಹಳೆಯ ಅಭ್ಯಾಸ ಮೈಗೆ ಹಿತವಾಗಿಯೇ ಇರುವುದು. ಹತ್ತು ಮಾರು ಹೋಗಿರಬಹುದು. ಎದುರಿಗೆ ಎರಡು ದೊಡ್ಡ ದೀಪಗಳು, ಸಾಮಾನು ಸಾಗಿಸುವ ಲಾರಿಯವು, ನೇರವಾಗಿ ನನ್ನ ಕಡೆಗೆ. ‘ಇವನೇಕೆ ನನ್ನ ಮಗ್ಗುಲಿಗೆ ಬಂದನು?’ ಎಂದುಕೊಂಡೆನು. ನನ್ನ ಕೈ ಎಡಕ್ಕೆ, ರಸ್ತೆಯ ಅಂಚಿಗೆ, ಎಳೆಯತೊಡಗಿತು. ನಮ್ಮ ದೇಶದಲ್ಲಿ ಎದುರಿಗೆ ಲಾರಿ ಬಂದರೆ ಎಡಕ್ಕೆ ಸರಿದು ಪ್ರಾಣ ಉಳಿಸಿಕೊಳ್ಳುವೆವು. ಆ ಲಾರಿಯವನೂ ಅವನ ದೇಶದ ಅಭ್ಯಾಸದಂತೆ ತನ್ನ ಬಲಕ್ಕೆ ಸರಿಯುವನು. ಅವನ ಬಲವೆಂದರೆ ನನ್ನ ಎಡ. ಇಬ್ಬರೂ ಪ್ರಾಣ ಉಳಿಸಿಕೊಳ್ಳಲು ಒಂದೇ ಸ್ಥಳಕ್ಕೆ ನುಗ್ಗುವೆವು!

ಆಗ ಗಾಜಿನ ಮೂಲೆಯಲ್ಲಿ ಬೊಟ್ಟು ಕಂಡಿತೆಂದು ಹೇಳಿದರೆ ಕಥೆಗೆ ಚೆನ್ನಾಗಿರುತ್ತಿದ್ದಿತು; ಆದರೆ ನಿಜವಾಗಿ ಕಂಡುದು ಬಲಗಡೆಯ ಹಳದಿಯ ಗೆರೆ. ನಾನು ಸರಿಯಲಿಲ್ಲ. ಇದ್ದಲ್ಲಿಯೇ ಬ್ರೇಕನ್ನು ಒತ್ತಿ ನಿಂತುಬಿಟ್ಟೆನು. ಲಾರಿಯೂ ನಿಂತಿತು. ನಮ್ಮಿಬ್ಬರ ನಡುವೆ ಎರಡು ಎತ್ತಿನ ಗಾಡಿಗಳು ನಿಲ್ಲುವಷ್ಟು ಅಂತರವಿದ್ದಿತು. ಆ ಪುಣ್ಯಾತ್ಮ ಹಾರನ್ನು ಮಾಡಲಿಲ್ಲ. ತುರ್ತಿನ ದೀಪಗಳನ್ನು ಹಾಕಿ ನಿಂತು, ಹಿಂದಕ್ಕೆ ಹೋಗೆಂದು ಕೈಬೀಸಿ ತೋರಿಸಿದನು. ನಾನು ಹಿಂದಕ್ಕೆ ಬಂಕಿನೊಳಗೆ ಬಂದು ಗಾಡಿಯನ್ನು ಆರಿಸಿದೆನು. ತೊಡೆಗಳೆರಡೂ ನಡುಗುತ್ತಿದ್ದವು.

ಹಿಂದಿನಿಂದ ಮೊಮ್ಮಗ ಕೇಳಿದನು: “ಅಜ್ಜೀ, ಆ ಲಾರಿ ನಮ್ಮ ಕಡೆಗೆ ಯಾಕೆ ಬಂತು?”

ಅವನಿಗೆ ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಹಾಲನ್ನು ತೆಗೆದುಕೊಂಡು ನಡೆದೇ ಮನೆಗೆ ಹೋಗಿಬಿಡೋಣವೆಂದು ತೋರಿತು. ಅರ್ಧ ಗಂಟೆ ಅಲ್ಲಿಯೇ ಕುಳಿತು, ಬೆಳಕು ಹರಿದು ನಾಲ್ಕು ಗಾಡಿಗಳು ಓಡಾಡತೊಡಗಿದ ಮೇಲೆ ಅವುಗಳ ಹಿಂದೆ ಹೊರಟೆನು.

ಹಗಲೆಲ್ಲ ಈ ವಿಷಯ ಬಾಯಿಗೆ ಬಂದು ಬಂದು ಹಿಂದಕ್ಕೆ ಹೋಯಿತು. ಹೇಳಿದರೆ ಬಾಣಂತಿ ಹೆದರುವಳು. ಹೇಳದಿದ್ದರೆ, ನಾಳೆ ಆ ಮಗುವನ್ನು ಮತ್ತೆ ನನ್ನ ಹಿಂದೆ ಕೂಡಿಸುವಳು. ರಾತ್ರಿ ಊಟವಾದ ಮೇಲೆ ಹೇಳಿದೆನು. ಮಗಳು ಮಾತನಾಡದೆ ಎದ್ದುಹೋಗಿ, ಗಾಡಿಯ ಬೀಗದಕೈಯನ್ನು ತನ್ನ ಬೀರುವಿನಲ್ಲಿಟ್ಟಳು. ನನಗೆ ಅಳು ಬಂದಿತು, ಆದರೆ ಆಕೆ ಮಾಡಿದುದು ತಪ್ಪೆಂದು ತೋರಲಿಲ್ಲ.

ಅಳಿಯಂದಿರು ಮಾತ್ರ ಸಮಾಧಾನವಾಗಿ ಕುಳಿತು, ಎಲ್ಲಿ ನೋಡಿದಿರಿ, ಹೇಗೆ ತಿರುಗಿಸಿದಿರಿ ಎಂದು ಕೇಳುತ್ತ ಕಾಗದದ ಮೇಲೆ ಚಿತ್ರ ಬರೆದರು. ಮೊದಲ ದಿನ ಆಗದೆ ಮೂರನೆಯ ವಾರದಲ್ಲಿ ಏಕೆ ಆಯಿತೆಂಬುದಕ್ಕೆ ಅವರೊಂದು ಸಂಗತಿಯನ್ನು ಹೇಳಿದರು. ಸ್ವೀಡನ್ ದೇಶದಲ್ಲಿ ಹಿಂದೆ ನಮ್ಮ ಹಾಗೆ ಎಡಮಗ್ಗುಲ ಸಂಚಾರವಿದ್ದಿತು. 1955ರಲ್ಲಿ ಜನರ ಮತ ಕೇಳಿದಾಗ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಬದಲಾವಣೆ ಬೇಡವೆಂದರು. ಆದರೂ ಸರ್ಕಾರದವರು 1967ರ ಸೆಪ್ಟೆಂಬರ್ 3ರ ಭಾನುವಾರ ಬೆಳಗಿನ 5 ಗಂಟೆಗೆ ಇಡೀ ದೇಶವನ್ನು ಬಲಮಗ್ಗುಲಿಗೆ ಬದಲಾಯಿಸಿದರು. ಅದಕ್ಕೆ ಹತ್ತು ನಿಮಿಷ ಮುಂಚೆ ರಸ್ತೆಯಲ್ಲಿದ್ದ ಗಾಡಿಗಳೆಲ್ಲ ನಿಂತು, ನಿಧಾನವಾಗಿ ಆಚೆಯ ಮಗ್ಗುಲಿಗೆ ಸರಿದು, ಗಂಟೆಯಾಗುವ ವರೆಗೆ ಕಾದು ಹೊರಡಬೇಕಾಗಿದ್ದಿತು. ಎಲ್ಲರೂ ಅಪಘಾತಗಳನ್ನು ನಿರೀಕ್ಷಿಸಿದ್ದರೆ, ಅಪಘಾತಗಳು ಕಡಿಮೆಯೇ ಆದವು. ಜನ ಅಷ್ಟು ಹೆದರಿ ಎಚ್ಚರದಿಂದ ನಡೆಸುತ್ತಿದ್ದರು. ಸುಮಾರು ಎರಡು ವರ್ಷಗಳೊಳಗೆ, ಹೆದರಿಕೆ ಕಳೆದ ಮೇಲೆ, ಲೆಕ್ಕ ಹಿಂದಿನಷ್ಟಕ್ಕೇ ಬಂದಿತಂತೆ. “ನಿಮಗೆ ಎರಡು ವಾರ ಸಾಕಾಯಿತು ಅತ್ತೆ,” ಎಂದು ಅವರು ನಕ್ಕರು.

ಮರುದಿನ ಮಗಳು ಬೀಗದಕೈಯನ್ನು ತಂದುಕೊಟ್ಟಳು; ಒಂದು ವಾರ ತಾನು ಪಕ್ಕದಲ್ಲಿ ಕುಳಿತು ಬರುವೆನೆಂಬ ಕಟ್ಟಳೆ ಹಾಕಿದಳು. ಆ ಒಂದು ವಾರದಲ್ಲಿ ನಾವು ಒಂದು ಕ್ರಮವನ್ನು ಮಾಡಿಕೊಂಡೆವು. ಚಲಿಸುತ್ತಿರುವ ಗಾಡಿಯಲ್ಲಿ ತಪ್ಪುವುದು ಅಪರೂಪ. ನಿಂತು ಹೊರಟಾಗ ತಪ್ಪುವುದು. ಬಂಕು, ಅಂಗಡಿಯ ಬಯಲು, ಮನೆಯ ಅಂಗಳ, ಒಂದೇ ದಿಕ್ಕಿನ ಬೀದಿಯಿಂದ ಎರಡು ದಿಕ್ಕಿನ ಬೀದಿಗೆ ಸೇರುವ ಸ್ಥಳ, ಇವುಗಳಲ್ಲಿ ನಡುಗೆರೆ ಕಣ್ಣ ಮುಂದೆ ಇರುವುದಿಲ್ಲ. ಅಲ್ಲಿ ನನ್ನ ಸೂತ್ರಕ್ಕೆ ಆಧಾರವೇ ತಪ್ಪಿಹೋಗುವುದು. ಆದುದರಿಂದ ನಿಂತ ಗಾಡಿಯನ್ನು ಹೊರಡಿಸುವಾಗಲೆಲ್ಲ ರೇಡಿಯೋ ಆರಿಸಿ, ಮಾತು ನಿಲ್ಲಿಸಿ, ಗಟ್ಟಿಯಾಗಿ ಹೇಳಬೇಕು: “ಮೊದಲು ಎಡಕ್ಕೆ ನೋಡು. ಎಡ ದೊಡ್ಡದು, ಬಲ ಚಿಕ್ಕದು.” ಮೊಮ್ಮಗನೂ ಇದನ್ನು ಕಲಿತನು. ನಾನು ಮರೆತರೆ ಹಿಂದಿನಿಂದ ಅವನು ಕೂಗುತ್ತಿದ್ದನು. ಸೆಪ್ಟೆಂಬರಿನಲ್ಲಿ ನಾನು ಹೊರಡುವ ತನಕ ಮತ್ತೆ ಹಾಗಾಗಲಿಲ್ಲ.

ಊರಿಗೆ ಬಂದ ಮೇಲೆ ಹೆದರಿಕೆ ಏಕೆ? ಹದಿನೇಳು ವರ್ಷಗಳ ಅಭ್ಯಾಸವಲ್ಲವೆ? ಮೊದಲ ನಾಲ್ಕು ದಿನ ಒರೆಸುವ ಕಡ್ಡಿ ಎದ್ದಿತು, ಮನೆಯವರು, “ಮಳೆ ಎಲ್ಲಿ ಬಂತು?” ಎಂದು ಕೇಳಿದರು. ಆಮೇಲೆ ಸರಿಹೋಯಿತು. ಅಕ್ಟೋಬರ್ ಕೊನೆಯಲ್ಲಿ ಜಗಳೂರಿನ ಕಡೆಯ ಹಳ್ಳಿಯೊಂದರಲ್ಲಿ ನಮ್ಮ ಬಂಧುಗಳ ಮನೆಯ ಮದುವೆ. ಮುಗಿಸಿಕೊಂಡು ಮಧ್ಯಾಹ್ನ ಹಿಂದಿರುಗುತ್ತಿದ್ದೆವು. ಆ ಬಯಲುಸೀಮೆಯ ರಸ್ತೆ ನೇರವಾದುದು, ಬರಿದು. ಹೋಳಿಗೆಯ ಊಟ ಮಾಡಿ ಮನೆಯವರು ಪಕ್ಕದಲ್ಲಿ ತೂಕಡಿಸುತ್ತಿದ್ದರು. ಆ ಕಾಲದಲ್ಲಿ ನಮ್ಮ ಕಡೆಯ ರೈತರು ಮೆಕ್ಕೆಜೋಳವನ್ನು ರಸ್ತೆಯ ಮೇಲೆಯೇ ಒಣಗಿಸುವುದನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಎಡಮಗ್ಗುಲ ಅರ್ಧದಲ್ಲಿ ಉದ್ದಕ್ಕೆ ಜೋಳ ಹರಡಿ, ಅಂಚಿಗೆ ಕಲ್ಲುಗಳನ್ನು ಇಟ್ಟಿದ್ದರು. ನಾನು ಎಲ್ಲರಂತೆ ಬಲಕ್ಕೆ ಸರಿದು ಹೋದೆನು. ಜೋಳ ಮುಗಿಯಿತು. ನಾನು ಎಡಕ್ಕೆ ಹಿಂದಿರುಗಲಿಲ್ಲ. ಬಲಮಗ್ಗುಲಲ್ಲಿ ಹೋಗುವುದು ಐದು ತಿಂಗಳು ಮೈಗೆ ಹಿಡಿದಿದ್ದಿತಲ್ಲ, ಏನೂ ಚುಚ್ಚಲಿಲ್ಲ. ಆ ರಸ್ತೆಯಲ್ಲಿ ಹಳದಿಯ ಗೆರೆಯಿರಲಿ, ಬಿಳಿಯ ಗೆರೆಯೂ ಸವೆದುಹೋಗಿದ್ದಿತು.

ಎಷ್ಟು ದೂರ ಹೋದೆನೋ ತಿಳಿಯದು. ಎದುರಿಗೆ ಒಂದು ಟ್ರಾಕ್ಟರು ಬಂದಿತು. ನಿಧಾನವಾಗಿ ಬರುತ್ತಿದ್ದ ಅದರ ಯುವಕ, ನಾನು ಸರಿಯುವೆನೆಂದು ಕಾದು ನೋಡಿ, ಕೊನೆಗೆ ತಾನೇ ಹೊಲದ ಕಡೆಗೆ ಇಳಿಸಿ ನಿಲ್ಲಿಸಿ, “ಏನವ್ವಾ, ನಿದ್ದಿ ಬಂತೇನು?” ಎಂದು ಕೂಗಿದನು. ಮನೆಯವರು ಗಡಬಡಿಸಿ ಎದ್ದು, “ಎಡಕ್ಕೆ, ಎಡಕ್ಕೆ!” ಎಂದರು. ನಾನು ಗಾಡಿಯನ್ನು ಎಡಮಗ್ಗುಲಿಗೆ ತಂದು, ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆನು. ಇಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಅವರು ಕೇಳಿದರು:

“ಆ ಬೊಟ್ಟು ಅಂತಿದ್ದೆಯಲ್ಲ, ಇದೆಯೇನು ನಿನ್ನ ಹತ್ತಿರ ಒಂದು?”

ಚೀಲದಲ್ಲಿ ಹುಡುಕಿ ಒಂದನ್ನು ತೆಗೆದುಕೊಟ್ಟೆನು. ಅವರು ಅದನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು, ನನ್ನ ಮುಂದಿನಿಂದ ಕೈಚಾಚಿ, ಗಾಜಿನ ಬಲಮೂಲೆಯಲ್ಲಿ ಒತ್ತಿ ಅಂಟಿಸಿದರು. ಮುಂದೆ ಜೋಳ ಹರಡಿದ ಸ್ಥಳಗಳು ಇನ್ನೂ ಮೂರು ಬಂದವು; ಅವರು ತೂಕಡಿಸಲಿಲ್ಲ.